ಹಣದುಬ್ಬರ ಏರಿದಾಗ ಚಿನ್ನ ಇಳಿದದ್ದೇಕೆ?

ಬೆಲೆಯೇರಿಕೆ ಹೆಚ್ಚಾದರೆ ಚಿನ್ನವೂ ಏರುತ್ತದೆ ಎಂಬುದು ನಮ್ಮಲ್ಲಿ ಬಹುತೇಕ ಎಲ್ಲರ ನಂಬಿಕೆ. 2022ರಲ್ಲಿ ಈ ನಂಬಿಕೆ ಕೈಕೊಟ್ಟಿತು. ಆ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ. 9.1ಕ್ಕೆ ಮುಟ್ಟಿತ್ತು, ನಲವತ್ತು ವರ್ಷಗಳಲ್ಲಿ ಅಷ್ಟು ಕಂಡಿರಲಿಲ್ಲ. ಆದರೆ ಮಾರ್ಚ್‌ನಲ್ಲಿ ಔನ್ಸಿಗೆ, ಅಂದರೆ ಸುಮಾರು 31 ಗ್ರಾಮಿಗೆ, 2,050 ಡಾಲರ್ ಇದ್ದ ಚಿನ್ನ ನವೆಂಬರ್ ಆರಂಭದ ಹೊತ್ತಿಗೆ 1,630ರ ಆಸುಪಾಸಿಗೆ ಕುಸಿಯಿತು. ಐದರಲ್ಲಿ ಒಂದು ಪಾಲು ಹೋದಂತೆ.

ಕಾರಣ ತಿಳಿಯಬೇಕಾದರೆ 'ನೈಜ ಬಡ್ಡಿದರ' ಎಂದರೇನೆಂದು ನೋಡಬೇಕು. ನೀವು ಒಂದು ಲಕ್ಷ ರೂಪಾಯಿಯನ್ನು ಶೇ. 7ರ ಬಡ್ಡಿಗೆ ಠೇವಣಿ ಇಟ್ಟಿರಿ ಎನ್ನೋಣ. ವರ್ಷದ ಕೊನೆಗೆ 1,07,000 ರೂಪಾಯಿ ಕೈಗೆ ಬರುತ್ತದೆ. ಆದರೆ ಇವತ್ತು ಒಂದು ಲಕ್ಷಕ್ಕೆ ಸಿಗುವ ಸಾಮಾನಿಗೆ ಆಗ 1,05,000 ಕೊಡಬೇಕಾದರೆ ನಿಜವಾಗಿ ಉಳಿದದ್ದು ಎರಡೇ ಸಾವಿರ. ಬಡ್ಡಿಯಲ್ಲಿ ಹಣದುಬ್ಬರ ಕಳೆದು ಉಳಿಯುವ ಈ ಶೇ. 2 ನೈಜ ದರ. ಅದೇ ಸಾಮಾನಿಗೆ 1,09,000 ಆಗಿದ್ದರೆ ನೈಜ ದರ ಸೊನ್ನೆಗಿಂತ ಎರಡು ಕೆಳಗೆ. ಪಾಸ್‌ಬುಕ್ಕಿನಲ್ಲಿ ದುಡ್ಡು ಬೆಳೆದಿರುತ್ತದೆ, ಅದರಿಂದ ಕೊಳ್ಳಬಹುದಾದದ್ದು ಕಡಿಮೆಯಾಗಿರುತ್ತದೆ.

ಚಿನ್ನಕ್ಕೆ ಬಡ್ಡಿ ಇಲ್ಲ. ಹಾಗಾಗಿ ದೊಡ್ಡ ಹೂಡಿಕೆದಾರ ಚಿನ್ನ ಕೊಳ್ಳುವ ಮುನ್ನ, ಇದೇ ಹಣ ಬೇರೆಡೆ ಇದ್ದರೆ ಏನು ಸಿಗುತ್ತಿತ್ತು ಎಂದು ಲೆಕ್ಕ ಹಾಕುತ್ತಾನೆ. ಅವನು ನೋಡುವುದು ನಮ್ಮೂರಿನ ಬ್ಯಾಂಕಿನ ದರವನ್ನಲ್ಲ. ಜಗತ್ತಿನ ಚಿನ್ನದ ಬೆಲೆ ಮುಖ್ಯವಾಗಿ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಡಾಲರಿನಲ್ಲಿ ನಿಗದಿಯಾಗುವುದರಿಂದ, ಅವನ ಕಣ್ಣು ಅಮೆರಿಕ ಸರ್ಕಾರದ ಒಂದು ಬಗೆಯ ಬಾಂಡ್ ಮೇಲಿರುತ್ತದೆ. ಅದರ ಹೆಸರು ಟಿಪ್ಸ್. ಹಣದುಬ್ಬರ ಏರಿದಷ್ಟೂ ಅದರ ಅಸಲು ಬೆಳೆಯುತ್ತದೆ. ಆದ್ದರಿಂದ ಅದರ ಮೇಲೆ ಸಿಗುವ ಆದಾಯವೇ ನೈಜ ಬಡ್ಡಿ, ಬೇರೆ ಲೆಕ್ಕ ಬೇಕಿಲ್ಲ.

2022ರ ಮಾರ್ಚ್ ಆರಂಭದಲ್ಲಿ ಹತ್ತು ವರ್ಷದ ಟಿಪ್ಸ್ ಆದಾಯ ಸೊನ್ನೆಗಿಂತ ಸುಮಾರು ಶೇ. 1ರಷ್ಟು ಕೆಳಗಿತ್ತು. ಅಂದರೆ ನೂರು ಚೀಲ ಅಕ್ಕಿಯ ಬೆಲೆಯನ್ನು ಅದರಲ್ಲಿ ಹಾಕಿದವನಿಗೆ ಹತ್ತು ವರ್ಷದ ನಂತರ ತೊಂಬತ್ತು ಚೀಲದ ಬೆಲೆ ಸಿಗುತ್ತಿತ್ತು. ಇಂಥ ಬಾಂಡ್‌ಗಿಂತ ಬಡ್ಡಿಯಿಲ್ಲದ ಚಿನ್ನವೇ ವಾಸಿ ಎನಿಸುವುದು ಸಹಜ. ಅದೇ ತಿಂಗಳು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ಏರಿಸತೊಡಗಿತು. ಸೊನ್ನೆಯ ಹತ್ತಿರವಿದ್ದ ದರ ಡಿಸೆಂಬರಿನಲ್ಲಿ ಶೇ. 4ನ್ನು ದಾಟಿತ್ತು. ಟಿಪ್ಸ್ ಆದಾಯವೂ ನವೆಂಬರ್ ಆರಂಭಕ್ಕೆ ಶೇ. 1.6ರ ಆಸುಪಾಸಿಗೆ ಏರಿತು. ಈಗ ಅದೇ ನೂರು ಚೀಲ ಹತ್ತು ವರ್ಷದಲ್ಲಿ ನೂರಹದಿನೇಳಾಗುತ್ತದೆ, ಅದೂ ಸರ್ಕಾರದ ಭರವಸೆಯೊಂದಿಗೆ. ಚಿನ್ನ ಹಿಡಿದು ಕೂರುವುದು ದುಬಾರಿಯಾಯಿತು, ಮಾರುವವರು ಹೆಚ್ಚಿದರು.

ಇಲ್ಲೊಂದು ಸಂದೇಹ ಬರಬೇಕು. ಹಣದುಬ್ಬರ ಶೇ. 9 ಇದ್ದಾಗ, ಬಡ್ಡಿ ಶೇ. 4 ಆದರೂ ನೈಜ ದರ ಸೊನ್ನೆಗಿಂತ ಕೆಳಗೇ ಇರಬೇಕಲ್ಲ? ಹೊಸಬರು ಎಡವುವುದು ಇಲ್ಲೇ. ಶೇ. 9 ಎಂಬುದು ಕಳೆದ ಹನ್ನೆರಡು ತಿಂಗಳ ಕತೆ. ಹತ್ತು ವರ್ಷಕ್ಕೆ ಹಣ ಹಾಕುವವನು ಕಳೆಯುವುದು ಮುಂದಿನ ಹತ್ತು ವರ್ಷದಲ್ಲಿ ಬರಬಹುದಾದ ಹಣದುಬ್ಬರವನ್ನು. ಆ ನಿರೀಕ್ಷೆ ಆಗಲೂ ಶೇ. 2.5ರ ಸುತ್ತಮುತ್ತಲೇ ಇತ್ತು, ಏಕೆಂದರೆ ಫೆಡ್ ಬೆಲೆಗಳನ್ನು ಹತೋಟಿಗೆ ತಂದೀತು ಎಂದು ಮಾರುಕಟ್ಟೆ ನಂಬಿತ್ತು. ಬಡ್ಡಿ ಏರಿತು, ನಿರೀಕ್ಷೆ ಏರಲಿಲ್ಲ. ನಡುವಿನ ಅಂತರ ಹಿಗ್ಗಿತು.

ನಮ್ಮ ಅಂಗಡಿಗಳಲ್ಲಿ ಈ ಕುಸಿತ ಅಷ್ಟಾಗಿ ಕಾಣಲಿಲ್ಲ. ಅದೇ ಅವಧಿಯಲ್ಲಿ ಡಾಲರಿನ ಬೆಲೆ 77 ರೂಪಾಯಿಯಿಂದ 82 ದಾಟಿತು, ಜುಲೈನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕವನ್ನೂ ಏರಿಸಿತು. ಹಾಗಾಗಿ ಡಾಲರಿನಲ್ಲಿ ಐದನೇ ಒಂದು ಪಾಲು ಬಿದ್ದ ಚಿನ್ನ ರೂಪಾಯಿಯಲ್ಲಿ ಹತ್ತನೇ ಒಂದು ಪಾಲಿನಷ್ಟು ಮಾತ್ರ ಇಳಿಯಿತು.

ಈ ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2023ರ ಅಕ್ಟೋಬರಿನಲ್ಲಿ ಟಿಪ್ಸ್ ಆದಾಯ ಶೇ. 2.5ರ ಹತ್ತಿರ ಹೋದರೂ ಚಿನ್ನ 2,000 ಡಾಲರಿನ ಆಸುಪಾಸಿನಲ್ಲೇ ನಿಂತಿತು, ಮರುವರ್ಷ ಇನ್ನೂ ಮೇಲೇರಿತು. ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಿದೇಶಿ ಮೀಸಲು ಹಣವನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದದ್ದನ್ನು ಕಂಡ ಹಲವು ಕೇಂದ್ರ ಬ್ಯಾಂಕುಗಳು 2022ರಿಂದ 2024ರವರೆಗೆ ಪ್ರತಿವರ್ಷ ಒಟ್ಟಾರೆ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಬೇರೆಯವರು ಮುಟ್ಟಲಾಗದ ಆಸ್ತಿ ಅವಕ್ಕೆ ಬೇಕಿತ್ತು, ಶೇ. 2ರ ಬಡ್ಡಿ ತಪ್ಪಿತಲ್ಲ ಎಂಬ ಚಿಂತೆ ಇರಲಿಲ್ಲ. ಟಿಪ್ಸ್ ಆದಾಯವನ್ನು ಅಮೆರಿಕದ ಖಜಾನೆ ಇಲಾಖೆ ಕೆಲಸದ ದಿನಗಳಲ್ಲಿ ಪ್ರಕಟಿಸುತ್ತದೆ. ಅದು ಇಳಿದಾಗ ಚಿನ್ನ ಏರುತ್ತಿದ್ದರೆ ಬಡ್ಡಿಯ ಲೆಕ್ಕ ಕೆಲಸ ಮಾಡುತ್ತಿರಬಹುದು. ತಿಂಗಳುಗಟ್ಟಲೆ ಎರಡೂ ಒಟ್ಟಿಗೆ ಏರುತ್ತಿದ್ದರೆ ಇಂಥ ಬೇರೆ ಕೊಳ್ಳುವವರು ಯಾರೆಂದು ಹುಡುಕಬೇಕು.