ಶೇಂಗಾ ಆಗದ ಮಗು: ಡೇಕೇರ್ ಅಕ್ಕೋರಿಗೆ ಒಂದು ಪತ್ರ

ಚಿಕ್ಕೋಡಿ



ಸೋಮವಾರದಿಂದ ನಮ್ಮ ಮಗಳು ನಿಮ್ಮಲ್ಲಿಗೆ ಬರುತ್ತಾಳೆ. ವಯಸ್ಸು ಎರಡು ವರ್ಷ, ತೂಕ 12 ಕಿಲೋ. ಅವಳಿಗೆ ಶೇಂಗಾ ಅಲರ್ಜಿ ಇದೆ ಎಂದು ಹೆಸರು ಹಚ್ಚುವಾಗ ಬಾಯಿಮಾತಿನಲ್ಲಿ ಹೇಳಿದ್ದೆವು. ನೀವು ರಜೆಯಲ್ಲಿದ್ದ ದಿನ ನೋಡಿಕೊಳ್ಳುವವರಿಗೂ ಎಲ್ಲ ತಿಳಿದಿರಲಿ ಎಂದು ಈಗ ಬರೆದು ಕೊಡುತ್ತಿದ್ದೇವೆ. ಅಡಿಗೆಯವರಿಗೆ ಮರಾಠಿ ಓದುವುದು ಸಲೀಸು ಎಂದಿರಿ, ಅದಕ್ಕೆ ಮರಾಠಿ ಪ್ರತಿಯನ್ನೂ ಜೊತೆಗಿಟ್ಟಿದ್ದೇವೆ.

ಹೋದ ನಾಗಪಂಚಮಿಗೆ ಅವಳು ಶೇಂಗಾ ಉಂಡಿಯ ಒಂದು ಚೂರು ತಿಂದಿದ್ದಳು. ಹತ್ತು ನಿಮಿಷದೊಳಗೆ ತುಟಿ ಊದಿಕೊಂಡಿತು, ಬೆನ್ನು ಹೊಟ್ಟೆಯ ಮೇಲೆ ಗಂಧೆ ಎದ್ದವು, ವಾಂತಿಯಾಯಿತು, ಆಮೇಲೆ ಅಳುವ ದನಿ ಗೊಗ್ಗರಾಗಿ ಕೆಮ್ಮು ಹತ್ತಿತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಾಗವಾಯಿತು. ಇದು ಪಿತ್ತವೂ ಅಲ್ಲ, ಅಜೀರ್ಣವೂ ಅಲ್ಲ. ಶೇಂಗಾದಲ್ಲಿರುವ ಪ್ರೋಟೀನನ್ನು ಅವಳ ದೇಹ ಹಗೆಯೆಂದು ತಿಳಿದು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಬಿಡುತ್ತದೆ. ಅದರಿಂದ ಚರ್ಮ ಊದುತ್ತದೆ, ಉಸಿರಿನ ಕೊಳವೆ ಬಿಗಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಸ್ವಲ್ಪಸ್ವಲ್ಪ ತಿನ್ನಿಸಿ ರೂಢಿ ಮಾಡಿಸಿರಿ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡುವ ಚಿಕಿತ್ಸೆಯೊಂದು ಇದೆ, ಆದರೆ ಅದು ಅಲರ್ಜಿ ತಜ್ಞರ ನಿಗಾದಲ್ಲೇ ನಡೆಯಬೇಕಾದದ್ದು. ಡೇಕೇರಿನಲ್ಲಿ ದಯವಿಟ್ಟು ಬೇಡ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಭಾಗದ ಅಡಿಗೆಯಲ್ಲಿ ಶೇಂಗಾ ಕಣ್ಣಿಗೆ ಕಾಣದಂತೆ ಬೆರೆತಿರುತ್ತದೆ. ಚಿಕ್ಕಿ, ಶೇಂಗಾ ಹೋಳಿಗೆ, ಚಟ್ನಿಪುಡಿ ಯಾರಿಗಾದರೂ ಗೊತ್ತಾಗುತ್ತವೆ. ಮೋಸ ಹೋಗುವುದು ಬೇರೆ ಕಡೆ. ಬದನೆಕಾಯಿ ಎಣ್ಣಗಾಯಿಯ ಮಸಾಲೆಯಲ್ಲಿ ಶೇಂಗಾ ಪುಡಿ ಇರುತ್ತದೆ. ಏಕಾದಶಿಯ ಸಾಬೂದಾಣಿ ಖಿಚಡಿಗೆ ಹಾಕುವ ಕೂಟ ಎಂದರೆ ಶೇಂಗಾ ಪುಡಿಯೇ. ಗುರೆಳ್ಳು ಚಟ್ನಿಗೂ ಕೆಲವರು ಶೇಂಗಾ ಸೇರಿಸಿ ಕುಟ್ಟುತ್ತಾರೆ. ಭಡಂಗಿನಲ್ಲಿ, ಒಗ್ಗರಣೆ ಅವಲಕ್ಕಿಯಲ್ಲಿ ಕಾಳು ಆರಿಸಿ ತೆಗೆದು ಕೊಟ್ಟರೂ ಉಪಯೋಗವಿಲ್ಲ, ಪುಡಿ ಅಂಟಿಕೊಂಡೇ ಇರುತ್ತದೆ. ಹುರಿದರೆ, ಕುದಿಸಿದರೆ ಅಲರ್ಜಿ ಹೋಗುವುದಿಲ್ಲ. ಎಣ್ಣೆಯ ಮಾತು ಮುಖ್ಯ: ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದು ತೀರಾ ಕಡಿಮೆ. ನಮ್ಮ ಕಡೆ ಮೆಚ್ಚಿ ತರುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಗೊಂದಲವೇ ಬೇಡವೆಂದು ಅವಳ ಡಬ್ಬಿಯನ್ನು ಮನೆಯಿಂದಲೇ ಕಳಿಸುತ್ತೇವೆ. ಹುಟ್ಟುಹಬ್ಬದ ದಿನ, ಸಂಕ್ರಾಂತಿಯ ದಿನ ಎಲ್ಲರಿಗೂ ಹಂಚುವಾಗ ಅವಳೊಬ್ಬಳೇ ಬರಿಗೈಯಲ್ಲಿ ಕೂರಬಾರದೆಂದು ಅವಳಿಗಾಗುವ ಸಿಹಿಯ ಡಬ್ಬಿಯೊಂದನ್ನು ನಿಮ್ಮ ಹತ್ತಿರ ಇಟ್ಟಿರುತ್ತೇವೆ.

ಉಳಿದ ಮಕ್ಕಳು ಮನೆಯಲ್ಲಿ ಶೇಂಗಾ ತಿನ್ನಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ವಾಸನೆಯಿಂದಷ್ಟೇ ಅಪಾಯವಾಗುವುದು ತೀರಾ ಅಪರೂಪ. ಈ ವಯಸ್ಸಿನವರು ಕೈ ಬಾಯಿಗೆ ಹಾಕುತ್ತಾರೆ, ಆಟಿಕೆ ನೆಕ್ಕುತ್ತಾರೆ, ಒಬ್ಬರ ಲೋಟ ಇನ್ನೊಬ್ಬರು ಕುಡಿಯುತ್ತಾರೆ. ನಮಗೆ ಭಯವಿರುವುದು ಅಲ್ಲಿ. ಆದ್ದರಿಂದ ಊಟವಾದ ಮೇಲೆ ಎಲ್ಲ ಮಕ್ಕಳ ಕೈಬಾಯಿ ಸೋಪು ಹಚ್ಚಿ ತೊಳೆಯಿಸಿರಿ, ಮೇಜನ್ನೂ ಸೋಪಿನ ನೀರಿನಿಂದ ಒರೆಸಿರಿ. ಸ್ಯಾನಿಟೈಸರ್ ರೋಗಾಣು ಕೊಲ್ಲಬಹುದು, ಶೇಂಗಾದ ಅಂಶವನ್ನು ತೆಗೆಯುವುದಿಲ್ಲ.

ಇಷ್ಟಾದರೂ ತಪ್ಪಿ ಏನಾದರೂ ಬಾಯಿಗೆ ಹೋದರೆ ಲಕ್ಷಣಗಳು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ತಾಸಿನೊಳಗೆ ಕಾಣಿಸಿಕೊಳ್ಳುತ್ತವೆ. ಗಂಟಲು ಬಿಗಿಯುತ್ತಿದೆ ಎಂದು ಹೇಳಲು ಅವಳಿಗೆ ಇನ್ನೂ ಮಾತು ಬಾರದು. ಅವಳು ನಾಲಿಗೆ ಎಳೆದುಕೊಳ್ಳಬಹುದು, ಬಾಯಿಗೆ ಬೆರಳು ಹಾಕಿ ಕೆರೆಯಬಹುದು, ಜೊಲ್ಲು ಸುರಿಸಬಹುದು. ದನಿ ಬದಲಾಗುವುದನ್ನು ಗಮನಿಸಿರಿ. ಆಡುತ್ತಿದ್ದವಳು ಒಮ್ಮೆಲೇ ಮಂಕಾಗಿ ನಿಮಗೆ ಒರಗಿಕೊಂಡರೆ ನಿದ್ದೆ ಬಂದಿದೆ ಎಂದು ಮಲಗಿಸಿ ಬಿಡಬೇಡಿರಿ, ಮೊದಲು ಅಂಗಿ ಎತ್ತಿ ಮೈ ನೋಡಿರಿ.

ಬರೀ ನಾಲ್ಕು ಗಂಧೆ ಎದ್ದಿದ್ದು, ಬೇರೇನೂ ಇಲ್ಲದಿದ್ದರೆ ಡಾಕ್ಟರು ಬರೆದಷ್ಟು ಸೆಟ್ರಿಜಿನ್ ಸಿರಪ್ ಕೊಟ್ಟು, ನಮಗೆ ಫೋನ್ ಮಾಡಿ, ಅವಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿರಿ. ಗಂಧೆ ಅಥವಾ ಊತದ ಜೊತೆ ವಾಂತಿ, ಕೆಮ್ಮು, ಸುಂಯ್‌ಗುಡುವ ಉಸಿರು, ಗೊಗ್ಗರು ದನಿ, ಮಂಕು ಇವುಗಳಲ್ಲಿ ಒಂದು ಸೇರಿದರೂ ಅಡ್ರಿನಲಿನ್ ಕೊಡಬೇಕು. ಶೇಂಗಾ ತಿಂದದ್ದು ಗೊತ್ತಿದ್ದು ಉಸಿರು ಅಥವಾ ದನಿ ಕೆಟ್ಟರೆ ಗಂಧೆ ಇಲ್ಲದಿದ್ದರೂ ಕೊಡಬೇಕು. ಸಿರಪ್ ತುರಿಕೆ ಇಳಿಸುತ್ತದೆ, ಉಸಿರಿನ ಬಿಗಿತ ಬಿಡಿಸುವುದಿಲ್ಲ. ಸಿರಪ್ ಕುಡಿಸಿ ಕಾಯುತ್ತ ಕೂತ ಹೊತ್ತೇ ಇಂಥ ಮಕ್ಕಳಿಗೆ ಮುಳುವಾಗುತ್ತದೆ.

ಔಷಧಿಯ ಕೆಂಪು ಡಬ್ಬಿಯಲ್ಲಿ ಒಂದು ಮಿಲಿಯ ಅಡ್ರಿನಲಿನ್ ಆಂಪೂಲ್‌ಗಳು, ಸಿರಿಂಜ್‌ಗಳು, ಡಾಕ್ಟರ ಸಹಿಯ ಚೀಟಿ, ನಮ್ಮ ಒಪ್ಪಿಗೆ ಪತ್ರ ಇವೆ. ಒತ್ತಿದರೆ ತಾನೇ ಚುಚ್ಚುವ ಪೆನ್ನು ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ, ಆದ್ದರಿಂದ ಈ ವ್ಯವಸ್ಥೆ. ಕಿಲೋಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ಅವಳ ಡೋಸು 0.12 ಮಿಲಿಗ್ರಾಂ, ಅಂದರೆ ಈ ಆಂಪೂಲ್‌ನಿಂದ 0.12 ಮಿಲಿ. ಒಂದು ಮಿಲಿಯ ಸಿರಿಂಜಿನಲ್ಲಿ ನೂರು ಸಣ್ಣ ಗೆರೆಗಳಿವೆ, ಅದರಲ್ಲಿ ಹನ್ನೆರಡನೆಯ ಗೆರೆಗೆ ಡಾಕ್ಟರು ಕೆಂಪು ಗುರುತು ಹಾಕಿದ್ದಾರೆ. ಇಡೀ ಆಂಪೂಲ್ ಅವಳ ಡೋಸಿನ ಎಂಟು ಪಟ್ಟಿಗಿಂತ ಹೆಚ್ಚು, ಅಷ್ಟನ್ನು ಯಾವತ್ತೂ ಎಳೆಯಬಾರದು. ತೊಡೆಯ ನಡುಭಾಗದಲ್ಲಿ, ಹೊರಮಗ್ಗುಲಿಗೆ, ಸೂಜಿಯನ್ನು ನೆಟ್ಟಗೆ ಸ್ನಾಯುವಿಗೆ ಚುಚ್ಚಬೇಕು. ಕುಂಡೆಗೆ ಬೇಡ, ತೋಳಿಗೆ ಬೇಡ. ಐದು ನಿಮಿಷವಾದರೂ ಸುಧಾರಿಸದಿದ್ದರೆ ಅಷ್ಟೇ ಡೋಸನ್ನು ಇನ್ನೊಮ್ಮೆ ಕೊಡಬಹುದು. ಕೊಟ್ಟ ಮೇಲೆ ಎದೆ ಬಡಿತ ಜೋರಾಗಿ ಕೈ ನಡುಗಬಹುದು, ಅದಕ್ಕೆ ಹೆದರಬೇಡಿರಿ.

ಇಂಜೆಕ್ಷನ್ ಆದ ಕೂಡಲೇ 108ಕ್ಕೆ ಫೋನ್ ಮಾಡಿರಿ. ಗಡಿಭಾಗವಾದ್ದರಿಂದ ಮೊದಲ ಮಾತಿಗೇ ಕರ್ನಾಟಕ, ಬೆಳಗಾವಿ ಜಿಲ್ಲೆ, ಚಿಕ್ಕೋಡಿ ಎಂದು ಹೇಳಿ, ಆಮೇಲೆ ಓಣಿಯ ಗುರುತು ಹೇಳಿರಿ. ಮಹಾರಾಷ್ಟ್ರದಲ್ಲೂ ಅದೇ ನಂಬರ್ ಇದೆ. ನಮಗೆ ತಿಳಿಸುವುದು ಆಮೇಲೆ, ಏಕೆಂದರೆ ನಾವಿಬ್ಬರೂ ನಿಪ್ಪಾಣಿಯಿಂದ ಬಂದು ಮುಟ್ಟುವಷ್ಟು ಹೊತ್ತು ಕಾಯುವ ಕೆಲಸ ಇದಲ್ಲ. ಅಲ್ಲಿವರೆಗೆ ಅವಳನ್ನು ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರಿಸಿರಿ. ವಾಂತಿಯಾದರೆ ಮಗ್ಗುಲಾಗಿಸಿರಿ, ಉಸಿರಾಟಕ್ಕೆ ಕಷ್ಟವಾದರೆ ಕಾಲು ಚಾಚಿ ಕೂರಿಸಿರಿ. ಹೆಗಲ ಮೇಲೆ ಹಾಕಿಕೊಂಡು ಓಡುವುದು, ಬೈಕಿನ ನಡುವೆ ನಿಲ್ಲಿಸಿಕೊಂಡು ಹೋಗುವುದು ಬೇಡ. ಒತ್ತಡ ಇಳಿದಾಗ ನೆಟ್ಟಗೆ ಎತ್ತಿದರೆ ಹೃದಯಕ್ಕೆ ರಕ್ತ ಸಾಲದೆ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಆಂಬುಲೆನ್ಸ್ ತಡವಾಗುವಂತಿದ್ದರೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿರಿ. ಎರಡನೆಯ ಆಂಪೂಲ್ ಕೈಯಲ್ಲಿರಲಿ. ದಾರಿಯಲ್ಲೇ ಚೇತರಿಸಿಕೊಂಡು ನಕ್ಕರೂ ತಿರುಗಿ ಬರಬೇಡಿರಿ. ಕೆಲವು ತಾಸಿನ ನಂತರ ಲಕ್ಷಣಗಳು ಮರುಕಳಿಸುವುದುಂಟು, ಆಸ್ಪತ್ರೆಯಲ್ಲೇ ನಿಗಾ ಇಡಬೇಕಾಗುತ್ತದೆ.

ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ, ನಿಮ್ಮ ಕೈಗೆ ತಕ್ಷಣ ಸಿಗುವ ಕಪಾಟಿನಲ್ಲಿಡಿ, ಕೀಲಿ ಹಾಕಬೇಡಿರಿ. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿರಿ, ಫ್ರೀಜರಿನಲ್ಲೂ ಬೇಡ. ಔಷಧಿ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ತಿಳಿಸಿರಿ, ಬದಲಾಯಿಸುತ್ತೇವೆ. ಪ್ರತಿ ತಿಂಗಳು ಅವಳ ತೂಕ ನೋಡಿಸಿ, ಡೋಸು ಬದಲಾದರೆ ಹೊಸ ಚೀಟಿ ತಂದು ಹಳೆಯದನ್ನು ಒಯ್ಯುತ್ತೇವೆ.

ಶನಿವಾರ ಮಕ್ಕಳು ಹೋದ ಮೇಲೆ ನಮ್ಮ ಡಾಕ್ಟರು ಡೇಕೇರಿಗೇ ಬಂದು ಆಂಪೂಲ್ ಒಡೆಯುವುದು, ಗುರುತಿನವರೆಗೆ ಎಳೆಯುವುದು, ಗುಳ್ಳೆ ತೆಗೆಯುವುದು ಎಲ್ಲವನ್ನೂ ನೀರು ತುಂಬಿದ ಆಂಪೂಲ್‌ನಲ್ಲಿ ಮಾಡಿ ತೋರಿಸುತ್ತಾರೆ. ನೀವು, ಆಯಾ, ಅಡಿಗೆಯವರು ಮೂವರೂ ತಮ್ಮ ಕೈಯಾರೆ ಒಂದೊಂದು ಸಲ ಮೋಸಂಬಿಗೆ ಚುಚ್ಚಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ.

ಇತಿ,
ಮಗುವಿನ ಅವ್ವ, ಅಪ್ಪ