ಊರಿಗೆ ಹೊರಟಾಗ ಗಿಡದ ನೀರಿನ ಕಾವಲು

ಪ್ರಶ್ನೆ: ಒಂದು ತಿಂಗಳು ಮಗಳ ಮನೆಗೆ ಹೊರಟಿದ್ದೇವೆ. ತಾರಸಿ ಗಿಡಗಳಿಗೆ ನೀರು ಬಿಡುವ ವಾಲ್ವ್ ಸ್ಮಾರ್ಟ್ ಪ್ಲಗ್‌ನಲ್ಲಿದೆ. ಹಾಗೇ ಬಿಟ್ಟು ಹೋಗಬಹುದೇ?

ಉತ್ತರ: ಬಿಡಬಹುದು. ಆದರೆ ನೀರು ಹರಿಯುತ್ತಿರುವಾಗಲೇ ಕರೆಂಟ್ ಹೋದರೆ ಏನಾಗುತ್ತದೆಂದು ಮೊದಲು ನೋಡಿ. ಅನೇಕ ಪ್ಲಗ್‌ಗಳು ಕರೆಂಟ್ ಬಂದೊಡನೆ ಹಿಂದಿನ ಸ್ಥಿತಿಗೇ ಮರಳುತ್ತವೆ. ಅಷ್ಟರಲ್ಲಿ ಆಫ್ ಆಗಬೇಕಾದ ಹೊತ್ತು ಕಳೆದಿದ್ದರೆ ಟ್ಯಾಂಕೇ ಬರಿದಾದೀತು. ಆದ್ದರಿಂದ ಆ್ಯಪ್‌ನಲ್ಲಿ ‘ಕರೆಂಟ್ ಬಂದಾಗ ಆಫ್’ ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ. ವಾಲ್ವ್ ಕೂಡ ಕರೆಂಟ್ ಇಲ್ಲದಾಗ ತಾನಾಗಿ ಮುಚ್ಚಿಕೊಳ್ಳುವ ಬಗೆಯದಾಗಿರಲಿ.

ಇಂಟರ್ನೆಟ್ ಹೋದರೆ ಎಚ್ಚರಿಕೆಯ ಸಂದೇಶವೂ ಬರದು. ಹಾಗಾಗಿ ದಿನವೂ ‘ನೀರು ನಿಂತಿತು’ ಎಂಬ ಸಂದೇಶ ಬರುವಂತೆ ಮಾಡಿ. ಅದು ಬಾರದ ದಿನ ಪಕ್ಕದ ಮನೆಯವರಿಗೆ ಫೋನ್ ಮಾಡಿ. ಹೊರಡುವ ವಾರ ಮೊದಲೇ, ನೀರು ಹರಿಯುವಾಗ ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ ಪರೀಕ್ಷಿಸಿ.