ಹಿಟ್ ಆದ ಮೇಲಿನ ವಿಡಿಯೊ ಏಕೆ ಸಪ್ಪೆ?

2012ರ ಜುಲೈ 15ರಂದು ದಕ್ಷಿಣ ಕೊರಿಯಾದ ಗಾಯಕ ಸೈ ಅವರ ‘ಗಂಗ್ನಂ ಸ್ಟೈಲ್’ ಹಾಡು ಯೂಟ್ಯೂಬಿಗೆ ಬಂತು. ಆ ಡಿಸೆಂಬರ್ 21ರ ಹೊತ್ತಿಗೆ ಅದರ ವೀಕ್ಷಣೆ 100 ಕೋಟಿ ಮುಟ್ಟಿತು. ಯೂಟ್ಯೂಬಿನಲ್ಲಿ ಅಷ್ಟು ಎತ್ತರ ಏರಿದ ಮೊದಲ ವಿಡಿಯೊ ಅದು. ಮರುವರ್ಷ ಏಪ್ರಿಲಿನಲ್ಲಿ ಅವರದೇ ‘ಜಂಟಲ್‌ಮನ್’ ಬಂದಾಗ ಮೊದಲ ಒಂದೇ ದಿನದಲ್ಲಿ ಸುಮಾರು 3.8 ಕೋಟಿ ವೀಕ್ಷಣೆ ಸಿಕ್ಕಿತು. ಆಗಿನ ಮಟ್ಟಿಗೆ ಅದೂ ದಾಖಲೆಯೇ. ಮುಂದೆ ಅದು ಕೂಡ 100 ಕೋಟಿ ದಾಟಿತು. ಆದರೆ ಹಿಂದಿನ ಹಾಡು ಅಷ್ಟರಲ್ಲಿ ಎಲ್ಲೋ ಹೋಗಿಬಿಟ್ಟಿತ್ತು, ಇಂದು ಅದು 500 ಕೋಟಿಯ ಆಚೆಗಿದೆ. 2014ರ ‘ಹ್ಯಾಂಗೋವರ್’ ಅಂತೂ ‘ಜಂಟಲ್‌ಮನ್’ನಷ್ಟೂ ಓಡಲಿಲ್ಲ.

ಸೈ ಅವರ ಕೈಚಳಕ ಒಂದೇ ವರ್ಷದಲ್ಲಿ ಮಾಯವಾಯಿತೇ? ಹಾಗೆ ಹೇಳಲು ಆಧಾರವಿಲ್ಲ. ಅವರ ಮೊದಲ ಆಲ್ಬಂ ಬಂದದ್ದು 2001ರಲ್ಲಿ. ‘ಗಂಗ್ನಂ’ಗೆ ಮುಂಚೆ ಹನ್ನೊಂದು ವರ್ಷ ಅವರು ಹಾಡಿದ್ದು, ಕುಣಿದದ್ದು ಯಾವುದೂ ಕೊರಿಯಾದ ಆಚೆ ಇಷ್ಟು ಸದ್ದು ಮಾಡಿರಲಿಲ್ಲ. ಅಂದರೆ ಹಿಟ್‌ನ ನಂತರದ್ದು ಮಾತ್ರವಲ್ಲ, ಅದರ ಹಿಂದಿನದ್ದೂ ಚಿಕ್ಕದಾಗಿಯೇ ಇತ್ತು. ಈ ಇಡೀ ವಿಚಾರದ ಕೀಲಿ ಇರುವುದು ಇಲ್ಲಿ.

ಒಂದು ವಿಡಿಯೊಗೆ ಸಿಗುವ ವೀಕ್ಷಣೆಯಲ್ಲಿ ಎರಡು ಪಾಲು ಇರುತ್ತವೆ. ವಿಷಯದ ಆಯ್ಕೆ, ಮಾತಿನ ಹಿಡಿತ, ಥಂಬ್‌ನೇಲ್ ಮಾಡುವ ಜಾಣ್ಮೆ, ಈಗಾಗಲೇ ಇರುವ ಚಂದಾದಾರರು – ಇವು ಒಂದು ಪಾಲು. ಮುಂದಿನ ವಿಡಿಯೊಗೂ ಹೆಚ್ಚುಕಡಿಮೆ ಹೀಗೇ ಉಳಿಯುತ್ತವೆ. ಯಾರೋ ಪ್ರಸಿದ್ಧರು ಹಂಚಿಕೊಂಡದ್ದು, ಅದೇ ವಾರ ಆ ವಿಷಯ ಸುದ್ದಿಯಾದದ್ದು, ಶಿಫಾರಸು ವ್ಯವಸ್ಥೆ ಮೊದಲ ಗಂಟೆಗಳಲ್ಲಿ ಸರಿಯಾದ ನೋಡುಗರ ಮುಂದೆ ಇಟ್ಟದ್ದು – ಇದು ಇನ್ನೊಂದು ಪಾಲು, ಅದೃಷ್ಟದ್ದು. ಹಿಟ್ ಅನ್ನಿಸಿಕೊಳ್ಳುವ ವಿಡಿಯೊದಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಕೈಗೂಡಿರುತ್ತವೆ. ಮುಂದಿನ ಸಲ ಮೊದಲ ಪಾಲು ಹಾಗೇ ಇರುತ್ತದೆ, ಎರಡನೆಯದು ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವುದು, ‘ರಿಗ್ರೆಷನ್ ಟು ದ ಮೀನ್’ ಎನ್ನುತ್ತಾರೆ.

ಅದೃಷ್ಟದ ಪಾಲು ನಿಜಕ್ಕೂ ಅಷ್ಟು ದೊಡ್ಡದೇ ಎಂಬ ಅನುಮಾನ ಸಹಜ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು ಅವರು ಅಂತರ್ಜಾಲದಲ್ಲಿ 14,341 ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡುಗಳಷ್ಟೇ ಕಾಣುತ್ತಿದ್ದವು. ಬೇರೆಯವರ ಆಯ್ಕೆ ಗೊತ್ತಾಗುತ್ತಿರಲಿಲ್ಲ. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಿಗೆ ಹಂಚಲಾಗಿತ್ತು. ಅಲ್ಲಿ ಆ ಲೋಕದ ಇತರರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಎಂಬುದು ಕಾಣುತ್ತಿತ್ತು. ಹಾಡುಗಳು ಅವೇ, ಶುರುವಿನಲ್ಲಿ ಎಲ್ಲ ಲೆಕ್ಕವೂ ಸೊನ್ನೆ. ಆದರೂ ಎಂಟು ಲೋಕಗಳಲ್ಲಿ ಗೆದ್ದ ಹಾಡುಗಳು ಬೇರೆಬೇರೆಯಾದವು. ‘52ಮೆಟ್ರೊ’ ತಂಡದ ‘ಲಾಕ್‌ಡೌನ್’ ಎಂಬ ಹಾಡು, ಜನ ತಾವೇ ಕೇಳಿ ಆರಿಸಿದ ಗುಂಪಿನಲ್ಲಿ 26ನೇ ಸ್ಥಾನದಲ್ಲಿತ್ತು. ಒಂದು ಲೋಕದಲ್ಲಿ ಅದು ಮೊದಲನೆಯದಾಯಿತು, ಮತ್ತೊಂದರಲ್ಲಿ 40ನೆಯದು!

ಗುಣಕ್ಕೆ ಬೆಲೆಯೇ ಇಲ್ಲ ಎಂದು ಇದರ ಅರ್ಥವಲ್ಲ. ಅತ್ಯುತ್ತಮ ಹಾಡುಗಳು ತೀರಾ ಕೆಳಗಿಳಿದದ್ದು ಅಪರೂಪ, ತೀರಾ ಕಳಪೆಯವು ಮೇಲೇರಿದ್ದೂ ಅಪರೂಪ. ಆದರೆ ನಡುವಿನ ದೊಡ್ಡ ರಾಶಿಯಲ್ಲಿ ಯಾವುದು ಹಿಟ್ ಆಗುತ್ತದೆ ಎಂಬುದನ್ನು ಮೊದಲ ಕೆಲವು ಕ್ಲಿಕ್ಕುಗಳು ತೀರ್ಮಾನಿಸಿಬಿಡುತ್ತಿದ್ದವು. ನಾವು ನೋಡುವುದು ಒಂದೇ ಲೋಕವಾದ್ದರಿಂದ ಗೆದ್ದದ್ದೆಲ್ಲ ಗೆಲ್ಲಲೇಬೇಕಿತ್ತು ಅನ್ನಿಸುತ್ತದೆ.

ಈಗ ಒಂದು ಲೆಕ್ಕ. ಅಡುಗೆ ವಿಡಿಯೊ ಮಾಡುವ ಚಾನೆಲ್ ಒಂದನ್ನು ಕಲ್ಪಿಸಿಕೊಳ್ಳಿ. ಅದರ ಒಂಬತ್ತು ವಿಡಿಯೊಗಳ ವೀಕ್ಷಣೆ ಸಾವಿರದ ಲೆಕ್ಕದಲ್ಲಿ 8, 11, 9, 14, 10, 7, 12, 6, 13. ಹತ್ತನೆಯದು ಇದ್ದಕ್ಕಿದ್ದಂತೆ 10 ಲಕ್ಷ ಮುಟ್ಟುತ್ತದೆ. ಈಗ ಹತ್ತರ ಸರಾಸರಿ ತೆಗೆದರೆ 1.09 ಲಕ್ಷ ಬರುತ್ತದೆ. ಆದರೆ ಆ ಸರಾಸರಿಯ ಹತ್ತಿರ ಸುಳಿದ ವಿಡಿಯೊ ಒಂದೂ ಇಲ್ಲ. ಅದರ ಬದಲು ಎಲ್ಲವನ್ನೂ ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು, ಅಂದರೆ ಮಧ್ಯಾಂಕವನ್ನು ನೋಡಬೇಕು. ಹಿಟ್‌ಗೆ ಮುಂಚೆ ಅದು 10 ಸಾವಿರ, ಹಿಟ್ ಸೇರಿಸಿದ ಮೇಲೂ ಹತ್ತೂವರೆ ಸಾವಿರ ಅಷ್ಟೇ. ಈ ಚಾನೆಲ್ಲಿನ ನಿಜವಾದ ನೆಲ ಇದು.

ಮುಂದಿನ ವಿಡಿಯೊದಿಂದ ಏನು ನಿರೀಕ್ಷಿಸಬಹುದು? ವೀಕ್ಷಣೆ ಕೂಡುತ್ತಾ ಬೆಳೆಯುವುದಿಲ್ಲ, ಗುಣಿಸುತ್ತಾ ಬೆಳೆಯುತ್ತದೆ; ನೋಡಿದವರು ಇನ್ನಷ್ಟು ಜನಕ್ಕೆ ಕಳಿಸುತ್ತಾರೆ, ಶಿಫಾರಸು ಇನ್ನಷ್ಟು ಹಿಗ್ಗುತ್ತದೆ. ಹಾಗಾಗಿ ಲೆಕ್ಕವನ್ನೂ ಗುಣಾಕಾರದಲ್ಲೇ ಹಾಕಬೇಕು. ಹಿಟ್ ಮಾಮೂಲಿಗಿಂತ 100 ಪಟ್ಟು ಇತ್ತು. ಅದರಲ್ಲಿ ಹತ್ತು ಪಟ್ಟು ಉಳಿಯುವಂಥ ಕಾರಣಗಳಿಂದ, ಇನ್ನು ಹತ್ತು ಪಟ್ಟು ಅದೃಷ್ಟದಿಂದ ಬಂತು ಎಂದು ಧಾರಾಳವಾಗಿಯೇ ಒಪ್ಪಿಕೊಳ್ಳೋಣ. ಅದೃಷ್ಟ ಮಾಮೂಲಿಯಾದರೆ ಮುಂದಿನ ವಿಡಿಯೊಗೆ ಸಿಗುವುದು 1 ಲಕ್ಷ. ಹಿಂದಿನದರ ಹತ್ತನೇ ಒಂದು ಭಾಗ! ತಯಾರಿಸಿದವರ ಕಣ್ಣಿಗೆ ಅದು ತೊಂಬತ್ತು ಪ್ರತಿಶತ ಕುಸಿತ. ಚಾನೆಲ್ಲಿನ ನೆಲದಿಂದ ನೋಡಿದರೆ ಹತ್ತು ಪಟ್ಟು ಏರಿಕೆ.

ಯೂಟ್ಯೂಬ್ ಸ್ಟುಡಿಯೊದ ಪರದೆ ಈ ಭ್ರಮೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಹೊಸ ವಿಡಿಯೊ ಇತ್ತೀಚಿನ ಹತ್ತರಲ್ಲಿ ಎಷ್ಟನೆಯದು ಎಂದು ಅದು ತೋರಿಸುತ್ತದೆ. ಹಿಟ್ ಆ ಹತ್ತರೊಳಗೆ ಇರುವಷ್ಟು ಕಾಲ ಮೊದಲ ಸ್ಥಾನಕ್ಕೆ ಏರುವುದು ಬಹುತೇಕ ಅಸಾಧ್ಯ. ಆ ಗಾಬರಿಯಲ್ಲೇ ಹಲವರು ವಿಷಯ ಬದಲಿಸುತ್ತಾರೆ, ಧಾಟಿ ಬದಲಿಸುತ್ತಾರೆ, ಹಿಟ್‌ನದೇ ನಕಲು ಮಾಡುತ್ತಾರೆ. ಅತಿ ಕಡಿಮೆ ಓಡಿದ ವಿಡಿಯೊದ ನಂತರ ಥಂಬ್‌ನೇಲ್ ಶೈಲಿ ಬದಲಿಸಿದವರಿಗೆ ಇದರ ಉಲ್ಟಾ ಅನುಭವ. ಏನೂ ಬದಲಿಸದಿದ್ದರೂ ಮುಂದಿನದು ಮೇಲೇಳುವ ಸಂಭವವೇ ಹೆಚ್ಚಿತ್ತು. ಹೆಸರು ಮಾತ್ರ ಹೊಸ ಥಂಬ್‌ನೇಲ್‌ಗೆ ಹೋಗುತ್ತದೆ.

ಇಳಿಕೆ ನಿಜವೋ ಬರೀ ಮರಳುವಿಕೆಯೋ ಎಂದು ತಿಳಿಯಲು ಮೊದಲು ಹಿಂದಕ್ಕೆ ತಿರುಗಿ ನೋಡಬೇಕು. ಈ ಗುಟ್ಟು ಫ್ರಾನ್ಸಿಸ್ ಗಾಲ್ಟನ್‌ಗೆ 1886ರಲ್ಲೇ ಹೊಳೆದಿತ್ತು. 205 ದಂಪತಿಗಳ 928 ವಯಸ್ಕ ಮಕ್ಕಳ ಎತ್ತರ ಅಳೆದಾಗ, ತುಂಬ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯತ್ತ ವಾಲಿದ್ದರು. ತುಂಬ ಎತ್ತರದ ಮಕ್ಕಳನ್ನು ಹಿಡಿದು ಹಿಂದಕ್ಕೆ ಹೋದರೆ ಅವರ ತಂದೆತಾಯಿಯೂ ಸರಾಸರಿಯತ್ತ ವಾಲಿದ್ದರು. ಮಗು ತಂದೆಯನ್ನು ಕುಳ್ಳ ಮಾಡಲಾರದು. ಕಾಲದ ಎರಡೂ ದಿಕ್ಕಿಗೆ ಕಾಣುವ ಇಳಿಜಾರಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಹಿಟ್‌ನ ಹಿಂದಿನ ವಿಡಿಯೊ ಕೂಡ ಅಷ್ಟೇ ತಗ್ಗಿನಲ್ಲಿದ್ದರೆ, ಮುಂದಿನದರ ತಗ್ಗಿಗೆ ತಯಾರಕರ ಸೋಮಾರಿತನವನ್ನೋ ನೋಡುಗರ ಮುನಿಸನ್ನೋ ದೂರುವುದು ತಪ್ಪು.

ಆಮೇಲೆ ಕಾಯಬೇಕು. ಒಂದು ವಿಡಿಯೊದಿಂದ ಏನೂ ಗೊತ್ತಾಗದು. ಐದಾರು ಬಂದ ಮೇಲೆ, ಎಲ್ಲಕ್ಕೂ ಒಂದೇ ವಯಸ್ಸು ಹಿಡಿದು, ಉದಾಹರಣೆಗೆ ಹಾಕಿದ ಏಳನೇ ದಿನದ ಲೆಕ್ಕ ತೆಗೆದುಕೊಂಡು, ಹಿಟ್‌ಗೆ ಮುಂಚಿನ ಮಧ್ಯಾಂಕದ ಜೊತೆ ಹೋಲಿಸಬೇಕು. ಐದಾರೂ ಅದಕ್ಕಿಂತ ಕೆಳಗೆ ಉಳಿದರೆ ಏನೋ ನಿಜವಾಗಿ ಕೆಟ್ಟಿದೆ: ಹಿಟ್ ನೋಡಿ ಚಂದಾದಾರರಾದವರಿಗೆ ಚಾನೆಲ್ಲಿನ ಉಳಿದ ವಿಷಯ ಬೇಡವಾಗಿರಬಹುದು, ಅಥವಾ ಹಿಟ್‌ನ ಬೆನ್ನು ಹತ್ತಿ ಹಳೆಯ ನೋಡುಗರನ್ನು ಕಳೆದುಕೊಂಡಿರಬಹುದು. ನಮ್ಮ ಅಡುಗೆ ಚಾನೆಲ್ಲಿನ ಆ ಲೆಕ್ಕ 10 ಸಾವಿರದಿಂದ 20 ಸಾವಿರಕ್ಕೆ ಬಂದು ನಿಂತಿದ್ದರೆ, ಮಧ್ಯದಲ್ಲಿ ಗೋಪುರದಂತೆ ನಿಂತ ಆ ಒಂದು ವಿಡಿಯೊದಿಂದಾಗಿ ನಕ್ಷೆ ಕುಸಿದಂತೆ ಕಂಡರೂ ಚಾನೆಲ್ ಇಮ್ಮಡಿ ಬೆಳೆದಿದೆ.